ವಿಡಿಯೊ ಎಲ್ಲಿಯಾದರೂ ಇರಲಿ, ಕೀ ಮಾತ್ರ ಸೇರಿದವರಿಗೆ

ಆನ್‌ಲೈನ್ ಕೋರ್ಸ್ ನಡೆಸುವವರ ದೂರು ಹೆಚ್ಚಾಗಿ ಒಂದೇ ತೆರನಾಗಿರುತ್ತದೆ. ಪಾಠ ರೆಕಾರ್ಡ್ ಮಾಡಿ ವೆಬ್‌ಸೈಟಿಗೆ ಹಾಕಿರುತ್ತಾರೆ, ಶುಲ್ಕ ಕಟ್ಟಿದವರಿಗಷ್ಟೇ ಲಾಗಿನ್ ಕೊಟ್ಟಿರುತ್ತಾರೆ. ತಿಂಗಳು ತುಂಬುವುದರೊಳಗೆ ಆ ಪಾಠದ ಲಿಂಕು ಯಾವುದೋ ಮೊಬೈಲ್ ಗುಂಪಿನಲ್ಲಿ ಓಡಾಡುತ್ತಿರುತ್ತದೆ. ಲಾಗಿನ್ ಇದ್ದೂ ಹೀಗೇಕಾಯಿತು ಎಂದು ಕೇಳುತ್ತಾರೆ.

ಲಾಗಿನ್ ಇರುವುದು ಪುಟಕ್ಕೆ, ವಿಡಿಯೊಗಲ್ಲ. ಪುಟದೊಳಗೆ ಒಂದು ಎಂಪಿ4 ಫೈಲಿನ ವಿಳಾಸ ಕೂತಿರುತ್ತದೆ. ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಭಾಗವನ್ನು ತೆರೆದರೆ ಆ ವಿಳಾಸ ಕಣ್ಣೆದುರಿಗೇ ಬರುತ್ತದೆ. ಅದನ್ನು ನಕಲು ಮಾಡಿ ಇನ್ನೊಬ್ಬರಿಗೆ ಕಳಿಸಿದರೆ ಮುಗಿಯಿತು, ಅವರನ್ನು ಯಾರೂ ಹೆಸರು ಕೇಳುವುದಿಲ್ಲ. ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಗಣಿತ ಕಲಿಸುವ ಮಾಸ್ತರೊಬ್ಬರು ನನ್ನೆದುರು ಹೇಳಿದ ಮಾತು ಇದು: "ರಾತ್ರಿ ಹನ್ನೆರಡರ ತನಕ ಕುಂತು ರೆಕಾರ್ಡ್ ಮಾಡ್ತೀನ್ರಿ ಸರ. ಮುಂಜಾನೆ ಏಳೂದ್ರಾಗ ಊರ್ ತುಂಬ ಆಗಿರ್ತದ. ರೊಕ್ಕಾ ಕೊಟ್ಟಾವ್ಗೂ ಕೊಡಲಾರದಾವ್ಗೂ ಏನ್ ಫರಕ್ ಉಳೀತ್ರಿ?"

ಅವರ ಪಾಠವೊಂದನ್ನೇ ಹಿಡಿದು ಈ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡೋಣ. ಏಳನೆಯ ಪಾಠ, ಶೇಕಡಾವಾರು ಲೆಕ್ಕಗಳು. ಒಂದು ಗಂಟೆಯ ರೆಕಾರ್ಡಿಂಗ್. ಪರದೆಯ ಮೇಲೆ ಬರವಣಿಗೆ, ಹಿನ್ನೆಲೆಯಲ್ಲಿ ಮಾಸ್ತರ ದನಿ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ನೋಡುವುದು ಮೊಬೈಲಿನಲ್ಲಿ, ದಿನಕ್ಕೆ 1.5 ಜಿಬಿ ಸಿಗುವ ಡೇಟಾ ಪ್ಯಾಕಿನಲ್ಲಿ. ಆದ್ದರಿಂದ ಬೇಕಾದದ್ದು ಎರಡು. ನೆಟ್‌ವರ್ಕ್ ಕುಸಿದಾಗ ಪಾಠ ನಿಲ್ಲಬಾರದು, ಮತ್ತು ಕೋರ್ಸಿಗೆ ಸೇರದವರಿಗೆ ಪಾಠ ತೆರೆಯಬಾರದು. ಮೊದಲನೆಯದನ್ನು ಡ್ಯಾಶ್ ನೋಡಿಕೊಳ್ಳುತ್ತದೆ. ಎರಡನೆಯದಕ್ಕೆ ಎನ್‌ಕ್ರಿಪ್ಷನ್ ಬೇಕು. ಎರಡನ್ನೂ ಒಂದೇ ಹೊತ್ತಿಗೆ, ಖರ್ಚಿಲ್ಲದ ಸಲಕರಣೆಗಳಿಂದ ಮಾಡಿ ಮುಗಿಸಬಹುದು.

ನಾಲ್ಕು ಸೆಕೆಂಡಿನ ತುಣುಕುಗಳು

ಡ್ಯಾಶ್ ಎಂಬುದು 2012ರಲ್ಲಿ ಐಎಸ್‌ಒ ಪ್ರಕಟಿಸಿದ ಮಾನದಂಡ. ಅದರ ಪ್ರಕಾರ ವಿಡಿಯೊವನ್ನು ಬೇರೆ ಬೇರೆ ಗುಣಮಟ್ಟದಲ್ಲಿ ಸಿದ್ಧಮಾಡಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡಿನ ತುಣುಕುಗಳಾಗಿ ವಿಂಗಡಿಸಿಡಬೇಕು. ಯಾವ ತುಣುಕು ಎಲ್ಲಿದೆ ಎಂದು ಹೇಳುವ ಒಂದು ಪಟ್ಟಿ ಜೊತೆಗಿರುತ್ತದೆ. ಅದೇ ಎಂಪಿಡಿ ಫೈಲು. ಪ್ಲೇಯರ್ ಮೊದಲು ಈ ಪಟ್ಟಿಯನ್ನು ಓದುತ್ತದೆ. ಆಮೇಲೆ ನೆಟ್‌ವರ್ಕಿನ ವೇಗ ನೋಡಿಕೊಂಡು ಈ ತುಣುಕನ್ನು ದೊಡ್ಡದರಲ್ಲಿ ತರಲೋ ಚಿಕ್ಕದರಲ್ಲಿ ತರಲೋ ಎಂದು ತಾನೇ ನಿರ್ಧರಿಸುತ್ತದೆ.

ಮಾಸ್ತರ ಪಾಠಕ್ಕೆ ಎರಡು ಗುಣಮಟ್ಟ ಸಾಕು. ಪರದೆಯ ಬರವಣಿಗೆ ಓದಲು ಬರಬೇಕಾದ್ದರಿಂದ 480ಕ್ಕಿಂತ ಕೆಳಗೆ ಇಳಿಯುವುದು ಒಳ್ಳೆಯದಲ್ಲ. ಅಲ್ಲಿ ಭಿನ್ನರಾಶಿಯ ಅಂಶ, ಛೇದಗಳು ಕಲಸಿಹೋಗುತ್ತವೆ. ಚಿತ್ರದಲ್ಲಿ ಚಲನೆ ಕಡಿಮೆಯಿರುವುದರಿಂದ 480ಕ್ಕೆ ಸೆಕೆಂಡಿಗೆ 350 ಕಿಲೋಬಿಟ್, 720ಕ್ಕೆ 900 ಕಿಲೋಬಿಟ್ ಸಾಲುತ್ತದೆ. ದನಿಯನ್ನು ಪ್ರತ್ಯೇಕವಾಗಿ 64 ಕಿಲೋಬಿಟ್‌ನಲ್ಲಿ ಇಡಬಹುದು. ಹೀಗೆ ಮಾಡಿದರೆ ಕೆಳಗಿನ ಗುಣಮಟ್ಟದಲ್ಲಿ ಇಡೀ ಗಂಟೆಯ ಪಾಠ ದನಿಯೂ ಸೇರಿ ಸುಮಾರು 186 ಎಂಬಿ, ಮೇಲಿನದರಲ್ಲಿ 434 ಎಂಬಿ ಆಗುತ್ತದೆ. ದಿನಕ್ಕೆ ಎರಡು ಪಾಠ ನೋಡಿದರೂ ಹುಡುಗರ ಡೇಟಾ ಪ್ಯಾಕಿನಲ್ಲಿ ಇನ್ನೂ ಉಳಿಯುತ್ತದೆ.

480ರ ಪ್ರತಿಯನ್ನು ಸಿದ್ಧಮಾಡುವ ಆದೇಶ ಇದು:

```
ffmpeg -i patha07.mp4 -an -vf scale=-2:480 -r 25 \
  -c:v libx264 -b:v 350k -maxrate 500k -bufsize 1000k \
  -g 100 -keyint_min 100 -sc_threshold 0 v480.mp4
```

ಇಲ್ಲಿ ಕೊನೆಯ ಸಾಲನ್ನು ಸ್ವಲ್ಪ ನಿಂತು ನೋಡಬೇಕು. ಡಿಜಿಟಲ್ ವಿಡಿಯೊದಲ್ಲಿ ಎಲ್ಲ ಚಿತ್ರಗಳೂ ಪೂರ್ಣವಾಗಿರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರ ಬರುತ್ತದೆ, ನಡುವಿನವು ಹಿಂದಿನದಕ್ಕಿಂತ ಏನು ಬದಲಾಗಿದೆ ಎಂಬುದನ್ನಷ್ಟೇ ಹೇಳುತ್ತವೆ. ತುಣುಕು ಮಾಡಬೇಕಾದರೆ ಪೂರ್ಣ ಚಿತ್ರವಿರುವ ಕಡೆಯೇ ಕತ್ತರಿ ಬೀಳಬೇಕು. ಅದೂ ಎರಡು ಗುಣಮಟ್ಟಗಳಲ್ಲೂ ಒಂದೇ ಕ್ಷಣದಲ್ಲಿ. ಸೆಕೆಂಡಿಗೆ 25 ಚಿತ್ರ, 4 ಸೆಕೆಂಡಿಗೆ 100. ಆದ್ದರಿಂದ ಸರಿಯಾಗಿ ನೂರು ಚಿತ್ರಕ್ಕೊಮ್ಮೆ ಪೂರ್ಣ ಚಿತ್ರ ಇಡು, ದೃಶ್ಯ ಬದಲಾಯಿತೆಂದು ನಡುವೆ ಎಲ್ಲೋ ಇಡಬೇಡ ಎಂದು ಆ ಸಾಲು ಹೇಳುತ್ತದೆ. ಒಂದು ಗಂಟೆಯ ಪಾಠದಲ್ಲಿ ಹೀಗೆ 900 ತುಣುಕುಗಳಾಗುತ್ತವೆ.

ಇದನ್ನು ಬಿಟ್ಟರೆ ಏನಾಗುತ್ತದೆ? ಮನೆಯ ವೈಫೈಯಲ್ಲಿ ಪರೀಕ್ಷಿಸಿದವರಿಗೆ ಏನೂ ತೋರುವುದಿಲ್ಲ. ಬಸ್ಸಿನಲ್ಲಿ ಕೂತು ನೋಡುವ ಹುಡುಗನಿಗೆ ಗುಣಮಟ್ಟ ಬದಲಾಗುವ ಹೊತ್ತಿಗೆ ಚಿತ್ರ ಹಿಂದಕ್ಕೆ ಜಿಗಿಯುತ್ತದೆ, ಇಲ್ಲವೇ ಒಂದು ಗಳಿಗೆ ನಿಂತುಬಿಡುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ಪಾಠಗಳಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ಅಲ್ಲಿ ಸೆಕೆಂಡಿಗೆ ಇಷ್ಟೇ ಚಿತ್ರ ಎಂಬ ನಿಯಮವೇ ಇರುವುದಿಲ್ಲ. `-r 25` ಎಂಬುದು ಅದನ್ನು ಒಂದು ತಾಳಕ್ಕೆ ತರುತ್ತದೆ. 720ರ ಪ್ರತಿಗೂ ಇದೇ ಆದೇಶ, ಅಳತೆ ಮತ್ತು ಕಿಲೋಬಿಟ್ಟುಗಳು ಮಾತ್ರ ಬೇರೆ. ದನಿಯನ್ನು ಎಎಸಿಗೆ ಮಾಡಿ `a.mp4` ಎಂದು ಪ್ರತ್ಯೇಕ ಇಟ್ಟರೆ ಮೊದಲ ಹಂತ ಮುಗಿಯಿತು.

ಹದಿನಾರು ಬೈಟುಗಳ ಕೆಲಸ

ಈಗ ಎನ್‌ಕ್ರಿಪ್ಷನ್. ಇಲ್ಲಿ ಬಳಸುವುದು ಎಇಎಸ್, 128 ಬಿಟ್ಟಿನ ಕೀಯೊಂದಿಗೆ. ಬೆಲ್ಜಿಯಮ್ಮಿನ ಯೋನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್ ರೂಪಿಸಿದ ಈ ವಿಧಾನವನ್ನು ಅಮೆರಿಕ 2001ರಲ್ಲಿ ತನ್ನ ಮಾನದಂಡವಾಗಿ ಸ್ವೀಕರಿಸಿತು. ಇಂದಿಗೂ ಅದನ್ನು ನೇರವಾಗಿ ಒಡೆಯುವ ದಾರಿ ಯಾರಿಗೂ ಗೊತ್ತಿಲ್ಲ. ಕೀ ಎಂದರೆ 16 ಬೈಟು, ಹೆಕ್ಸ್‌ನಲ್ಲಿ ಬರೆದರೆ 32 ಅಕ್ಷರ. ಜೊತೆಗೆ ಇನ್ನೊಂದು 16 ಬೈಟಿನ ಸಂಖ್ಯೆ ಬೇಕು, ಅದು ಕೀಯ ಗುರುತು. ಯಾವ ಕೀಯಿಂದ ಈ ಪಾಠ ತೆರೆಯುತ್ತದೆ ಎಂಬ ಹೆಸರು ಮಾತ್ರ ಅದು, ಗುಟ್ಟೇನಲ್ಲ. ಕೆಲಸ ಮಾಡುವವರು ಅದನ್ನು ಕಿಡ್ ಎನ್ನುತ್ತಾರೆ.

`openssl rand -hex 16` ಎಂಬ ಆದೇಶವನ್ನು ಎರಡು ಸಲ ಕೊಟ್ಟರೆ ಎರಡೂ ಸಿಗುತ್ತವೆ. ಆಮೇಲೆ ಗೂಗಲ್ ಮುಕ್ತವಾಗಿ ಬಿಟ್ಟಿರುವ ಶಾಕಾ ಪ್ಯಾಕೇಜರ್ ಎಂಬ ಸಲಕರಣೆಯಿಂದ ತುಣುಕು ಮಾಡುವುದು, ಎನ್‌ಕ್ರಿಪ್ಟ್ ಮಾಡುವುದು, ಪಟ್ಟಿ ಬರೆಯುವುದು ಮೂರನ್ನೂ ಒಟ್ಟಿಗೆ ಮುಗಿಸಬಹುದು:

```
packager \
  in=v480.mp4,stream=video,output=p7_480.mp4 \
  in=v720.mp4,stream=video,output=p7_720.mp4 \
  in=a.mp4,stream=audio,output=p7_a.mp4 \
  --enable_raw_key_encryption \
  --keys label=:key_id=$KID:key=$KEY \
  --clear_lead 0 --segment_duration 4 \
  --mpd_output p7.mpd
```

ಇದರಲ್ಲಿ `--clear_lead 0` ಎಂಬುದನ್ನು ಮರೆಯಬಾರದು. ಅದನ್ನು ಬರೆಯದಿದ್ದರೆ ಪ್ಯಾಕೇಜರ್ ಮೊದಲ 5 ಸೆಕೆಂಡುಗಳ ಭಾಗವನ್ನು ಎನ್‌ಕ್ರಿಪ್ಟ್ ಮಾಡದೆ ಹಾಗೇ ಬಿಡುತ್ತದೆ. ಕೀ ಬರುವುದರೊಳಗೆ ಚಿತ್ರ ಶುರುವಾಗಲಿ ಎಂಬ ಸದುದ್ದೇಶ ಅದಕ್ಕಿದೆ. ಆದರೆ ಕೋರ್ಸಿಗೆ ಸೇರದವರು ತೆರೆದಾಗಲೂ ಮಾಸ್ತರು ನಮಸ್ಕಾರ ಹೇಳುವುದು ಕಾಣುತ್ತದೆ, ನೋಡಿದವರು ಬೀಗವೇ ಬಿದ್ದಿಲ್ಲ ಎಂದುಕೊಳ್ಳುತ್ತಾರೆ. ಪಾಠಗಳ ವಿಷಯದಲ್ಲಿ ಈ ಗೊಂದಲ ಬೇಡ, ಸೊನ್ನೆಯೇ ಇರಲಿ.

ಪ್ಯಾಕೇಜರ್ ಚಿತ್ರವನ್ನು ಮತ್ತೆ ಸಿದ್ಧಮಾಡುವುದಿಲ್ಲ. ಇರುವ ಬೈಟುಗಳನ್ನೇ ಮುಚ್ಚಿ ಜೋಡಿಸುತ್ತದೆ. ಹಾಗಾಗಿ `ffmpeg` ಬಹಳ ಹೊತ್ತು ತೆಗೆದುಕೊಂಡ ಪಾಠವನ್ನು ಇದು ಬೇಗನೆ ಮುಗಿಸುತ್ತದೆ. ನಾಳೆ ಯಾವುದೋ ಪಾಠದ ಕೀ ಹೊರಗೆ ಹೋಯಿತು ಎನ್ನೋಣ. ಆಗ ಹೊಸ ಕೀ ತೆಗೆದು ಈ ಎರಡನೆಯ ಹಂತವನ್ನಷ್ಟೇ ಮತ್ತೆ ಮಾಡಿದರೆ ಆಯಿತು. ಈ ಕಾರಣಕ್ಕೇ `v480.mp4`, `v720.mp4`, `a.mp4` ಈ ಮೂರನ್ನೂ ಅಳಿಸದೆ ಮಾಸ್ತರ ಮನೆಯ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳಬೇಕು. ಇಡೀ ಕೋರ್ಸಿಗೆ ಒಂದೇ ಕೀ ಸಾಲದೇ ಎಂದು ಕೇಳುವವರಿದ್ದಾರೆ. ಸಾಲುತ್ತದೆ. ಆದರೆ ಅದೊಂದು ಹೊರಗೆ ಹೋದ ದಿನ ಎಲ್ಲ ಪಾಠಗಳೂ ಒಟ್ಟಿಗೇ ತೆರೆದುಬಿಡುತ್ತವೆ. ಪಾಠಕ್ಕೊಂದು ಕೀ ಇಡಲು ಹೆಚ್ಚಿನ ಖರ್ಚೇನೂ ಇಲ್ಲದಿರುವಾಗ ಆ ಅಪಾಯ ಏಕೆ?

ನಿಜವಾಗಿಯೂ ಎನ್‌ಕ್ರಿಪ್ಟ್ ಆಗಿದೆಯೇ ಎಂದು ನೋಡುವ ದಾರಿ ಸುಲಭ. ಹೊರಬಂದ `p7_480.mp4` ಫೈಲನ್ನು ವಿಎಲ್‌ಸಿಯಲ್ಲಿ ತೆರೆಯಿರಿ. ಪಾಠದ ಅವಧಿ, ಚಿತ್ರದ ಅಳತೆ ಎಲ್ಲವೂ ಸರಿಯಾಗಿ ತೋರುತ್ತವೆ, ಚಿತ್ರ ಮಾತ್ರ ಬರುವುದಿಲ್ಲ ಅಥವಾ ಬೂದು, ಹಸಿರು ಚೌಕಗಳ ರಾಶಿಯಾಗಿ ಬರುತ್ತದೆ. ಅವಧಿ ತೋರಿತಲ್ಲ, ಎನ್‌ಕ್ರಿಪ್ಷನ್ ಸೋತಿತೇ ಎಂದು ಗಾಬರಿಯಾಗಬೇಕಿಲ್ಲ. ಈ ವಿಧಾನ ಫೈಲಿನ ಚೌಕಟ್ಟನ್ನು ಮುಟ್ಟುವುದಿಲ್ಲ, ಒಳಗಿನ ಚಿತ್ರದ ಬೈಟುಗಳನ್ನಷ್ಟೇ ಮುಚ್ಚುತ್ತದೆ. ಪ್ಲೇಯರ್ ತುಣುಕುಗಳನ್ನು ಹುಡುಕಿ ಜೋಡಿಸಬೇಕಾದರೆ ಚೌಕಟ್ಟು ಓದಲು ಬರಲೇಬೇಕು. `p7.mpd` ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ `cenc:default_KID` ಎಂಬ ಪದ ಸಿಗಬೇಕು, ಅದರ ಮುಂದೆ ನೀವು ಕೊಟ್ಟ ಕಿಡ್ ಇರಬೇಕು. ಚಿತ್ರಕ್ಕೂ ದನಿಗೂ ಎರಡೂ ಕಡೆ ಇದೆಯೇ ಎಂದು ನೋಡಿ. ಗಣಿತದ ಪಾಠದಲ್ಲಿ ಚಿತ್ರ ಮುಖ್ಯ, ಆದರೆ ಇತಿಹಾಸದ ಪಾಠವನ್ನು ಬರೀ ದನಿಯಲ್ಲೇ ಪೂರ್ತಿ ಕೇಳಬಹುದು.

ಇಷ್ಟಾದ ಮೇಲೆ ಈ ಮೂರು ಫೈಲುಗಳನ್ನೂ ಪಟ್ಟಿಯನ್ನೂ ಎಲ್ಲಿ ಬೇಕಾದರೂ ಇಡಬಹುದು. ಎಲ್ಲರಿಗೂ ತೆರೆದಿರುವ ಅಗ್ಗದ ಸಂಗ್ರಹಣೆಯಲ್ಲಿ ಇಟ್ಟು, ಮುಂದೆ ಒಂದು ಸಿಡಿಎನ್ ಕೂರಿಸಿ, ಎಲ್ಲ ವಿದ್ಯಾರ್ಥಿಗಳಿಗೂ ಅದೇ ತುಣುಕುಗಳನ್ನೇ ಹಂಚಬಹುದು. ಯಾರಾದರೂ ಇಳಿಸಿಕೊಂಡರೂ ಅವರ ಕೈಗೆ ಸಿಗುವುದು ಕೆಲಸಕ್ಕೆ ಬಾರದ ಬೈಟುಗಳು. ಈ ವಿಧಾನದ ದೊಡ್ಡ ಅನುಕೂಲ ಇದೇ ಎಂದು ನನ್ನ ನಂಬಿಕೆ. ನೂರಾರು ಎಂಬಿ ಫೈಲನ್ನು ಕಾಯುವ ಬದಲು 16 ಬೈಟುಗಳನ್ನು ಕಾದರೆ ಸಾಕು.

ಕೀ ಕೊಡುವ ಕಿಟಕಿ

ಬ್ರೌಸರಿಗೆ ಕೀ ತಲುಪಿಸಲು ಒಂದು ಒಪ್ಪಿತ ಕ್ರಮವಿದೆ. ಅದನ್ನು ಡಬ್ಲ್ಯು3ಸಿ ಸಂಸ್ಥೆ 2017ರ ಸೆಪ್ಟೆಂಬರಿನಲ್ಲಿ ಅಂತಿಮಗೊಳಿಸಿತು. ಹೆಸರು ಎನ್‌ಕ್ರಿಪ್ಟೆಡ್ ಮೀಡಿಯಾ ಎಕ್ಸ್‌ಟೆನ್ಷನ್ಸ್. ಆಗ ಅದಕ್ಕೆ ದೊಡ್ಡ ವಿರೋಧವೇ ಬಂದಿತ್ತು. ಮುಕ್ತ ವೆಬ್ಬಿಗೆ ಇದು ಬೀಗ ಹಾಕುವ ಕೆಲಸ ಎಂದು ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಆ ಸಂಸ್ಥೆಯಿಂದಲೇ ಹೊರನಡೆಯಿತು. ಆ ವಾದದಲ್ಲಿ ಹುರುಳಿತ್ತು. ಸಿನಿಮಾ ಕಂಪನಿಗಳು ಬಳಸುವ ವೈಡ್‌ವೈನ್‌ನಂಥ ವ್ಯವಸ್ಥೆಗಳ ಒಳಗೇನಿದೆ ಎಂದು ಹೊರಗಿನವರಿಗೆ ಕಾಣುವುದಿಲ್ಲ. ಆದರೆ ಅದೇ ಮಾನದಂಡದಲ್ಲಿ ಕ್ಲಿಯರ್ ಕೀ ಎಂಬ ಸರಳ ವ್ಯವಸ್ಥೆಯೂ ಇದೆ. ಅದಕ್ಕೆ ಪರವಾನಗಿ ಶುಲ್ಕವಿಲ್ಲ, ಗುಟ್ಟಿನ ಪೆಟ್ಟಿಗೆಯಿಲ್ಲ, ಕೀ ನೇರವಾಗಿ ಬ್ರೌಸರಿಗೆ ಬರುತ್ತದೆ. ಮಾಸ್ತರ ಕೋರ್ಸಿಗೆ ನಾವು ಬಳಸುವುದು ಇದನ್ನೇ.

ನಡೆಯುವುದು ಹೀಗೆ. ವಿದ್ಯಾರ್ಥಿ ಲಾಗಿನ್ ಆಗಿ ಪಾಠದ ಪುಟ ತೆರೆಯುತ್ತಾನೆ. ಪ್ಲೇಯರ್ ಪಟ್ಟಿಯನ್ನು ಓದಿ ಪಾಠ ಎನ್‌ಕ್ರಿಪ್ಟ್ ಆಗಿದೆ ಎಂದು ತಿಳಿದುಕೊಳ್ಳುತ್ತದೆ. ನಿಮ್ಮ ಸರ್ವರಿನ ಒಂದು ವಿಳಾಸಕ್ಕೆ ಈ ಕಿಡ್‌ಗೆ ಕೀ ಕೊಡಿ ಎಂದು ಕೇಳುತ್ತದೆ. ಸರ್ವರ್ ಒಪ್ಪಿದರೆ ಹೀಗೆ ಉತ್ತರ ಬರಬೇಕು:

```
{"keys":[{"kty":"oct",
  "kid":"ABEiM0RVZneImaq7zN3u_w",
  "k":"_-7dzLuqmYh3ZlVEMyIRAA"}],
 "type":"temporary"}
```

ಇದು ಉದಾಹರಣೆಗೆಂದು ತೆಗೆದುಕೊಂಡ ಕೀ. ಇಲ್ಲಿನ ಕಿಡ್ ಹೆಕ್ಸ್‌ನಲ್ಲಿ `00112233445566778899aabbccddeeff` ಎಂದಿತ್ತು. ಪ್ಯಾಕೇಜರಿಗೆ ಹೆಕ್ಸ್ ಬೇಕು, ಬ್ರೌಸರಿಗೆ ಬೇಸ್64ಯುಆರ್‌ಎಲ್ ಎಂಬ ಬೇರೆ ಬರವಣಿಗೆ ಬೇಕು. ಮೊದಲ ಸಲ ಈ ಕೆಲಸ ಮಾಡುವವರಲ್ಲಿ ಬಹಳಷ್ಟು ಜನ ಎಡವುವುದು ಇಲ್ಲಿಯೇ. ಸಾಮಾನ್ಯ ಬೇಸ್64ರಲ್ಲಿ ಇದೇ ಕಿಡ್ `ABEiM0RVZneImaq7zN3u/w==` ಎಂದಾಗುತ್ತದೆ. ಅದರಲ್ಲಿನ `/` ಅನ್ನು `_` ಮಾಡಬೇಕು, `+` ಇದ್ದರೆ `-` ಮಾಡಬೇಕು, ಕೊನೆಯ `==` ತೆಗೆಯಬೇಕು. ಸರಿಯಾಗಿದ್ದರೆ 22 ಅಕ್ಷರ ಉಳಿಯುತ್ತದೆ. ಇನ್ನೂ ಒಂದು ತಪ್ಪಿದೆ: ಹೆಕ್ಸ್‌ನ 32 ಅಕ್ಷರಗಳನ್ನೇ ಅಕ್ಷರಗಳೆಂದು ತಿಳಿದು ಬೇಸ್64 ಮಾಡುವುದು. ಆಗ 43 ಅಕ್ಷರಗಳ ಸಾಲು ಬರುತ್ತದೆ. ಎಣಿಸಿ ನೋಡಿದರೆ ತಪ್ಪು ತಿಳಿದುಹೋಗುತ್ತದೆ.

ಶಾಕಾ ಪ್ಲೇಯರ್ ಬಳಸುವವರಿಗೆ ದೋಷದ ಸಂಖ್ಯೆಯೂ ದಾರಿ ತೋರಿಸುತ್ತದೆ. 6007 ಬಂದರೆ ಕೀಯ ಕೋರಿಕೆಯೇ ಸೋತಿದೆ. ಸರ್ವರ್ ನಿರಾಕರಿಸಿದೆ ಅಥವಾ ವಿಳಾಸ ತಪ್ಪಿದೆ. 6008 ಬಂದರೆ ಉತ್ತರ ಬಂದಿದೆ, ಬ್ರೌಸರ್ ಅದನ್ನು ಒಪ್ಪಿಲ್ಲ. ಅಂದರೆ ಮೇಲೆ ಹೇಳಿದ ಬರವಣಿಗೆಯ ತಪ್ಪನ್ನು ಹುಡುಕಬೇಕು. ಕೋರ್ಸಿಗೆ ಸೇರದವರಿಗೆ 6007 ಬರುವುದು ದೋಷವಲ್ಲ, ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆ ಎಂಬುದರ ಗುರುತು. ಇನ್ನೊಂದು ವಿಷಯ ಕೆಲಸ ಕಲಿಯುವವರನ್ನು ದಿನಗಟ್ಟಲೆ ಕಾಡುತ್ತದೆ. ತಮ್ಮ ಕಂಪ್ಯೂಟರಿನಲ್ಲಿ `localhost` ಎಂದು ತೆರೆದರೆ ಪಾಠ ನಡೆಯುತ್ತದೆ, ಅದೇ ಕಂಪ್ಯೂಟರನ್ನು ಮೊಬೈಲಿನಿಂದ ಐಪಿ ವಿಳಾಸ ಹಾಕಿ ತೆರೆದರೆ ನಡೆಯುವುದಿಲ್ಲ. ಬ್ರೌಸರುಗಳು ಕೀಯ ವ್ಯವಹಾರವನ್ನು `https` ಇರುವ ಕಡೆ ಮಾತ್ರ ನಡೆಸುತ್ತವೆ, `localhost`ನಂಥ ವಿಳಾಸಕ್ಕೆ ಮಾತ್ರ ವಿನಾಯಿತಿ. ಕೋಡಿನಲ್ಲಿ ತಪ್ಪು ಹುಡುಕುವ ಬದಲು ಮೊದಲು ಬ್ರೌಸರಿನಲ್ಲಿ ಹಾಕಿದ ವಿಳಾಸ `https`ನಿಂದ ಶುರುವಾಗಿದೆಯೇ ಎಂದು ನೋಡಬೇಕು.

ಈಗ ಸರ್ವರಿನ ಕಡೆಗೆ ಬರೋಣ. ಕೀ ಕೇಳಿದವನು ಯಾರು ಎಂದು ಲಾಗಿನ್ ಕುಕೀಯಿಂದ ತಿಳಿಯುತ್ತದೆ. ಕೇಳಿದ ಕಿಡ್ ಯಾವ ಕೋರ್ಸಿನದು, ಆ ಕೋರ್ಸಿಗೆ ಅವನು ಸೇರಿದ್ದಾನೆಯೇ, ಅವಧಿ ಮುಗಿದಿಲ್ಲ ತಾನೆ, ಇಷ್ಟನ್ನು ನೋಡಬೇಕು. ಡೇಟಾಬೇಸಿನಲ್ಲಿ ಅದು ಒಂದೇ ಪ್ರಶ್ನೆ:

```
SELECT k.key_hex FROM lesson_keys k
JOIN enrolments e ON e.course_id = k.course_id
WHERE k.kid_hex = :kid AND e.user_id = :user
  AND e.valid_until > now();
```

ಸಾಲು ಸಿಕ್ಕರೆ ಕೀ ಕೊಡಬೇಕು, ಸಿಗದಿದ್ದರೆ 403. ಇಡೀ ರಕ್ಷಣೆ ನಿಂತಿರುವುದು ಈ ನಾಲ್ಕು ಸಾಲಿನ ಮೇಲೆ. ನಾನು ನೋಡಿದ ಹಲವು ವ್ಯವಸ್ಥೆಗಳಲ್ಲಿ ಎನ್‌ಕ್ರಿಪ್ಷನ್ ಚೊಕ್ಕವಾಗಿರುತ್ತದೆ, ಈ ಪ್ರಶ್ನೆ ಮಾತ್ರ ಅರ್ಧಕ್ಕೇ ನಿಂತಿರುತ್ತದೆ. ಲಾಗಿನ್ ಆಗಿದ್ದಾನೆಯೇ ಎಂದು ಕೇಳಿ, ಯಾವ ಕೋರ್ಸಿಗೆ ಎಂದು ಕೇಳುವುದನ್ನು ಬಿಟ್ಟಿರುತ್ತಾರೆ. ಆಗ ಅತಿ ಕಡಿಮೆ ಬೆಲೆಯ ಕೋರ್ಸಿಗೆ ಸೇರಿದವನು ಎಲ್ಲ ಕೋರ್ಸುಗಳ ಕೀಗಳನ್ನೂ ಪಡೆಯಬಹುದು. ಕಿಡ್ ಗುಟ್ಟಲ್ಲವಲ್ಲ, ಎಂಪಿಡಿ ಫೈಲಿನಲ್ಲೇ ಇರುತ್ತದೆ.

ವಿದ್ಯಾರ್ಥಿಯ ಕಡೆಯಿಂದ ನೋಡಿದರೂ ಈ ಕ್ರಮ ಹಗುರವಾದದ್ದು. ಪಾಠಕ್ಕೊಮ್ಮೆ, ಆರಂಭದಲ್ಲಿ, ಕೆಲವೇ ನೂರು ಬೈಟುಗಳ ವ್ಯವಹಾರ. ಕೀ ಕೈಸೇರಿದ ಮೇಲೆ ಲಾಗಿನ್ ಅವಧಿ ಮುಗಿದರೂ ಪುಟ ತೆರೆದಿರುವವರೆಗೆ ಪಾಠ ನಡುವೆ ನಿಲ್ಲುವುದಿಲ್ಲ.

ಬಾಗಿಲು ಬಿಟ್ಟು ಕಿಟಕಿಯಿಂದ

ಪಾಠ ಹೊರಗೆ ಹೋದ ಪ್ರಸಂಗಗಳನ್ನು ಬಿಡಿಸಿ ನೋಡಿದಾಗ ಎಇಎಸ್ ಒಡೆದದ್ದು ಒಂದೂ ನನಗೆ ಕಂಡಿಲ್ಲ. ಪ್ರತಿಸಲವೂ ಪಕ್ಕದಲ್ಲಿ ಏನೋ ತೆರೆದಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದು ಮೂಲ ಎಂಪಿ4 ಫೈಲು. ಎನ್‌ಕ್ರಿಪ್ಟ್ ಮಾಡಿದ ಪ್ರತಿಗಳ ಜೊತೆಗೇ, ಅದೇ ಫೋಲ್ಡರಿನಲ್ಲಿ `patha07.mp4` ಕೂಡ ಅಪ್‌ಲೋಡ್ ಆಗಿರುತ್ತದೆ. `p7_480.mp4` ಎಂಬ ಹೆಸರನ್ನು ಕಂಡವರು ಅಕ್ಕಪಕ್ಕದ ಹೆಸರನ್ನು ಊಹಿಸುವುದು ಕಷ್ಟವಲ್ಲ.

ಎರಡನೆಯದು ಸಿಡಿಎನ್. ತುಣುಕುಗಳನ್ನು ಅದು ನೆನಪಿಟ್ಟುಕೊಂಡು ಎಲ್ಲರಿಗೂ ಹಂಚಬೇಕು, ಅದಕ್ಕೇ ನಾವು ಅದನ್ನು ಇಟ್ಟಿರುವುದು. ಆದರೆ ಕೀ ಕೊಡುವ ವಿಳಾಸವೂ ಅದರ ಹಿಂದೆಯೇ ಇದ್ದು, ಕಿಡ್ ಅನ್ನು `POST` ಬದಲು ವಿಳಾಸದಲ್ಲೇ ಕಳಿಸುವಂತೆ ಬರೆದಿದ್ದರೆ, ಮೊದಲ ವಿದ್ಯಾರ್ಥಿಗೆ ಕೊಟ್ಟ ಕೀಯನ್ನು ಸಿಡಿಎನ್ ನೆನಪಿಟ್ಟುಕೊಂಡು ಬಂದವರಿಗೆಲ್ಲ ಕೊಡುತ್ತ ಹೋಗಬಹುದು. ನಮ್ಮ ಸರ್ವರಿಗೆ ಅದರ ಸುಳಿವೂ ಇರುವುದಿಲ್ಲ. ಕೀಯ ಉತ್ತರಕ್ಕೆ `Cache-Control: no-store` ಎಂಬ ಸಾಲು ಕಡ್ಡಾಯ. ಆ ವಿಳಾಸವನ್ನು ಸಿಡಿಎನ್‌ನಿಂದ ಹೊರಗಿಡುವುದು ಇನ್ನೂ ಒಳ್ಳೆಯದು. ವಿದ್ಯಾರ್ಥಿಗಳು ನೂರಾರು ಪಾಠ ನೋಡುತ್ತಿದ್ದರೂ ಸರ್ವರಿನ ಲಾಗ್‌ನಲ್ಲಿ ಕೀ ಕೋರಿಕೆಗಳು ಬೆರಳೆಣಿಕೆಯಷ್ಟೇ ಇವೆ ಎಂದಾದರೆ ಸಂತೋಷಪಡಬೇಡಿ. ಬೇರೆ ಯಾರೋ ಹಂಚುತ್ತಿದ್ದಾರೆ.

ಮೂರನೆಯದು ಉಪಶೀರ್ಷಿಕೆ. ಕನ್ನಡದಲ್ಲಿ ಉಪಶೀರ್ಷಿಕೆ ಬರೆಸುವ ಕೋರ್ಸುಗಳು ಈಗ ಇವೆ, ಒಳ್ಳೆಯದೇ. ಆದರೆ ಪ್ಯಾಕೇಜರ್ ಚಿತ್ರ ಮತ್ತು ದನಿಯನ್ನು ಮುಚ್ಚುತ್ತದೆ, ಅಕ್ಷರಗಳನ್ನು ಮುಚ್ಚುವುದಿಲ್ಲ. ಇಡೀ ಪಾಠದ ಮಾತು ಸಾಲುಸಾಲಾಗಿ ಒಂದು ತೆರೆದ ಫೈಲಿನಲ್ಲಿ ಕೂತಿರುತ್ತದೆ. ಅದು ಹೊರಗೆ ಹೋಗಬಾರದು ಎಂದಿದ್ದರೆ ಆ ಫೈಲನ್ನು ಸಿಡಿಎನ್ ಮೇಲೆ ಇಡದೆ, ಕೀ ಕೊಡುವ ಅದೇ ಪರಿಶೀಲನೆಯ ಹಿಂದೆ ಇಟ್ಟು ಸರ್ವರಿನಿಂದಲೇ ಕೊಡಬೇಕು.

ಐಫೋನಿನ ಮಾತು ಬೇರೆಯದೇ. ಡ್ಯಾಶ್ ಪ್ಲೇಯರುಗಳಿಗೆ ಬೇಕಾದ ಸೌಕರ್ಯ ಐಫೋನಿನ ಸಫಾರಿಗೆ ಬಂದದ್ದೇ ಐಒಎಸ್ 17.1ರಲ್ಲಿ. ಅಲ್ಲಿ ಕ್ಲಿಯರ್ ಕೀಯನ್ನು ನಂಬಿ ಕೂರುವುದು ತರವಲ್ಲ. ಆ ಫೋನುಗಳಿಗಾಗಿ ಅದೇ ಪಾಠವನ್ನು ಎಚ್‌ಎಲ್‌ಎಸ್ ಎಂಬ ಇನ್ನೊಂದು ರೂಪದಲ್ಲಿ, ಅದರದೇ ಎಇಎಸ್-128 ಕ್ರಮದಲ್ಲಿ ಸಿದ್ಧಮಾಡಬೇಕು. ತುಣುಕುಗಳು ಬೇರೆಯಾಗುತ್ತವೆ, ಸಂಗ್ರಹಣೆಯ ಖರ್ಚು ಹೆಚ್ಚುತ್ತದೆ. ಕೀ ಕೊಡುವಾಗ ಕೇಳುವ ಪ್ರಶ್ನೆ ಮಾತ್ರ ಮೇಲಿನ ನಾಲ್ಕು ಸಾಲೇ. ಮಾಸ್ತರ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆಂಡ್ರಾಯ್ಡ್ ಬಳಸುತ್ತಿದ್ದುದರಿಂದ ಅವರು ಈ ಕೆಲಸವನ್ನು ಎರಡನೆಯ ಹಂತಕ್ಕೆ ಬಿಟ್ಟರು. ಅದು ಸರಿಯಾದ ನಿರ್ಧಾರವೇ.

ಸೇರಿದವನೇ ಕೊಟ್ಟರೆ?

ಮಾಸ್ತರು ಕೊನೆಗೆ ಕೇಳಿದ್ದು ಇದನ್ನೇ. "ರೊಕ್ಕಾ ಕೊಟ್ಟ ಹುಡುಗನ ಮತ್ತೊಬ್ಬಗ ಕೊಟ್ರ ಏನ್ರಿ?" ಇದಕ್ಕೆ ಕ್ಲಿಯರ್ ಕೀ ಉತ್ತರವಲ್ಲ. ಕೀ ಆ ಹುಡುಗನ ಬ್ರೌಸರಿಗೆ ಹಾಗೇ ಬರುತ್ತದೆ. ನೆಟ್‌ವರ್ಕ್ ಭಾಗವನ್ನು ತೆರೆದರೆ ಅವನು ಅದನ್ನು ಓದಬಹುದು. ಕೀಯೂ ಫೈಲೂ ಎರಡೂ ಕೈಯಲ್ಲಿದ್ದರೆ ಪಾಠವನ್ನು ಬಿಚ್ಚಿಡಲು ಒಂದು ಆದೇಶ ಸಾಕು. ಅಷ್ಟು ತಿಳಿಯದವನು ಪರದೆಯನ್ನೇ ರೆಕಾರ್ಡ್ ಮಾಡಬಹುದು. ವೈಡ್‌ವೈನ್, ಫೇರ್‌ಪ್ಲೇ, ಪ್ಲೇರೆಡಿ ಇವು ಕೀಯನ್ನು ಬಳಕೆದಾರನ ಕಣ್ಣಿಗೂ ಬೀಳದಂತೆ ಇಡಲು ಹೊರಟ ವ್ಯವಸ್ಥೆಗಳು. ಅವುಗಳಿಗೆ ಪರವಾನಗಿ, ನಡುವಿನ ಸೇವಾದಾರರು, ತಿಂಗಳ ಖರ್ಚು ಎಲ್ಲವೂ ಬರುತ್ತವೆ. ಅಷ್ಟಾದ ಮೇಲೂ ಪರದೆಯೆದುರು ಇನ್ನೊಂದು ಮೊಬೈಲ್ ಹಿಡಿದು ನಿಂತವನನ್ನು ಅವು ತಡೆಯಲಾರವು.

ಹಾಗಾದರೆ ಈ ಸರಳ ವಿಧಾನ ಏನನ್ನು ತಡೆಯುತ್ತದೆ? ಲಿಂಕು ಹಂಚುವುದನ್ನು. ಫೈಲು ಇಳಿಸಿ ಗುಂಪಿಗೆ ಹಾಕುವುದನ್ನು. ಕೋರ್ಸಿನ ಅವಧಿ ಮುಗಿದ ಮೇಲೂ ಹಳೆಯ ವಿಳಾಸದಿಂದ ನೋಡುವುದನ್ನು. ಮಾಸ್ತರಿಗೆ ಆಗುತ್ತಿದ್ದ ನಷ್ಟದ ಬಹುಪಾಲು ಈ ಮೂರರಿಂದಲೇ. ಉಳಿದದ್ದಕ್ಕೆ ಎನ್‌ಕ್ರಿಪ್ಷನ್ನಿನ ಹೊರಗಿನ ಎರಡು ಉಪಾಯ ಮಾಡಬೇಕು. ಒಂದು, ಚಿತ್ರದ ಮೇಲೆ ವಿದ್ಯಾರ್ಥಿಯ ಹೆಸರನ್ನೋ ಲಾಗಿನ್ ಸಂಖ್ಯೆಯನ್ನೋ ಮಸುಕಾಗಿ, ಜಾಗ ಬದಲಿಸುತ್ತ ತೋರಿಸುವುದು. ಬ್ರೌಸರಿನ ಪುಟದಲ್ಲಿ ಇದನ್ನು ತೆಗೆಯಲು ಬರುತ್ತದೆ, ಆದರೆ ಪರದೆ ರೆಕಾರ್ಡ್ ಮಾಡುವ ಸಾಮಾನ್ಯ ಹುಡುಗ ತನ್ನ ಹೆಸರನ್ನು ಕಂಡರೆ ಕೈ ಹಿಂದೆ ತೆಗೆಯುತ್ತಾನೆ. ಇನ್ನೊಂದು, ಕೀ ಕೋರಿಕೆಗಳ ಲಾಗ್ ಇಟ್ಟು ಆಗಾಗ ಓದುವುದು. ಒಂದು ಗಂಟೆಯ ಪಾಠ ನೋಡುವವನು ಹತ್ತು ನಿಮಿಷದಲ್ಲಿ ನಲವತ್ತು ಪಾಠಗಳ ಕೀ ಕೇಳುವುದಿಲ್ಲ. ಹಾಗೆ ಕೇಳಿದ ಖಾತೆ ಕೀಗಳನ್ನು ಕಲೆಹಾಕುತ್ತಿದೆ ಎಂದೇ ಅರ್ಥ. ಗಂಟೆಗೆ ಇಷ್ಟೇ ಎಂಬ ಮಿತಿಯನ್ನು ಸರ್ವರಿನಲ್ಲಿ ಹಾಕಿಬಿಡಬೇಕು. ಆದರೆ ಆ ಮಿತಿ ತೀರ ಬಿಗಿಯಾಗಬಾರದು. ನೆಟ್‌ವರ್ಕ್ ಕಡಿದು ಪುಟವನ್ನು ಮತ್ತೆ ಮತ್ತೆ ತೆರೆಯುವ ಹಳ್ಳಿಯ ಹುಡುಗಿ ಒಂದೇ ಪಾಠದ ಕೀಯನ್ನು ಹಲವು ಸಲ ಕೇಳುತ್ತಾಳೆ. ಎಣಿಸಬೇಕಾದ್ದು ಕೋರಿಕೆಗಳನ್ನಲ್ಲ, ಬೇರೆ ಬೇರೆ ಕಿಡ್‌ಗಳನ್ನು.

ಎಲ್ಲ ಪಾಠಕ್ಕೂ ಇದು ಬೇಕೇ ಎಂದರೆ ಬೇಡ ಎಂದೇ ಹೇಳುತ್ತೇನೆ. ಎನ್‌ಪಿಟಿಇಎಲ್‌ನ ಪಾಠಗಳು ಯೂಟ್ಯೂಬಿನಲ್ಲಿ ಎಲ್ಲರಿಗೂ ತೆರೆದಿವೆ, ಅವು ಹಾಗಿರುವುದೇ ಸರಿ. ಸಾರ್ವಜನಿಕ ಹಣದಿಂದ ಮಾಡಿದ ಪಾಠಕ್ಕೆ ಬೀಗ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆದರೆ ಒಬ್ಬರೇ ಕೂತು ಪಾಠ ಮಾಡಿ, ಆ ಶುಲ್ಕದಿಂದಲೇ ಮನೆ ನಡೆಸುವ ಮಾಸ್ತರಿಗೆ ತನ್ನ ಕೆಲಸವನ್ನು ಕಾಪಾಡಿಕೊಳ್ಳುವ ಹಕ್ಕಿದೆ. ಕೆಲವು ಸಾವಿರ ರೂಪಾಯಿಯ ಕೋರ್ಸಿಗೆ ಡ್ಯಾಶ್, ಕ್ಲಿಯರ್ ಕೀ ಮತ್ತು ಸರಿಯಾಗಿ ಬರೆದ ಒಂದು ಡೇಟಾಬೇಸ್ ಪ್ರಶ್ನೆ ಸಾಕು. ಸಿನಿಮಾ ಹಂಚುವವರಿಗೆ ಸಾಲದು.

ನಿಮ್ಮದೂ ಇಂಥ ಕೋರ್ಸ್ ಇದ್ದರೆ, ಮುಂದಿನ ಪಾಠ ಹಾಕಿದ ದಿನವೇ ಈ ಪರೀಕ್ಷೆ ಮಾಡಿ. ಬ್ರೌಸರಿನಲ್ಲಿ ಖಾಸಗಿ ಕಿಟಕಿ ತೆರೆದು, ಲಾಗಿನ್ ಆಗದೆ, ಎಂಪಿಡಿ ವಿಳಾಸ, ಮೂಲ ಫೈಲಿನ ಹೆಸರು, ಉಪಶೀರ್ಷಿಕೆಯ ವಿಳಾಸ ಮೂರನ್ನೂ ಹಾಕಿ ನೋಡಿ. ಎಂಪಿಡಿ ತೆರೆದರೆ ಅಡ್ಡಿಯಿಲ್ಲ, ಉಳಿದೆರಡು ತೆರೆಯಬಾರದು. ಆಮೇಲೆ ಬೇರೆ ಕೋರ್ಸಿಗೆ ಸೇರಿದ ಒಂದು ಖಾತೆಯಿಂದ ಲಾಗಿನ್ ಆಗಿ ಈ ಪಾಠದ ಕೀ ಕೇಳಿ. 403 ಬರಬೇಕು.